ಉಯಿಲಿನಲ್ಲಿ ಪೆನ್ನಿನಿಂದ ತಿದ್ದಿದ್ದೇನೆ, ಇಷ್ಟು ಸಾಕೇ?

ಪ್ರಶ್ನೆ: ನನಗೆ 74 ವರ್ಷ, ನಿವೃತ್ತ ನೌಕರ. ಹೆಂಡತಿ ತೀರಿಕೊಂಡಿದ್ದಾಳೆ. 2014ರಲ್ಲಿ ಉಯಿಲು ಬರೆಸಿ ರಿಜಿಸ್ಟರ್ ಮಾಡಿಸಿದ್ದೆ. ತುಮಕೂರಿನ ಮನೆ ದೊಡ್ಡ ಮಗನಿಗೆ, ಸೈಟು ಚಿಕ್ಕ ಮಗನಿಗೆ, ಬ್ಯಾಂಕಿನಲ್ಲಿರುವ ಹಣವೆಲ್ಲ ಮಗಳಿಗೆ ಅಂತ. ಎಲ್ಲವೂ ನನ್ನ ಸಂಬಳದಲ್ಲಿ ಮಾಡಿದ್ದು. 2019ರಲ್ಲಿ ಸೈಟು ಮಾರಿ 38 ಲಕ್ಷ ರೂಪಾಯಿ ಎಫ್‌ಡಿ ಇಟ್ಟೆ. ಈಗ ಮಗಳೇ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಮನೆ ಅವಳಿಗೆ, ಸೈಟಿನ ದುಡ್ಡು ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಸೇರಬೇಕು ಅನ್ನುವುದು ನನ್ನ ಆಸೆ. ಕಳೆದ ವರ್ಷ ಉಯಿಲಿನಲ್ಲಿ ದೊಡ್ಡವನ ಹೆಸರಿನ ಮೇಲೆ ಗೆರೆ ಎಳೆದು, ಮಗಳ ಹೆಸರು ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಇಷ್ಟು ಸಾಕಾ? ಒಬ್ಬರು ಕೋಡಿಸಿಲ್ ಬರೆಸಿ ಅಂತಾರೆ, ಇನ್ನೊಬ್ಬರು ಹಳೆಯದನ್ನು ಹರಿದು ಹಾಕಿ ಹೊಸದು ಬರೆಯಿರಿ ಅಂತಾರೆ. ಯಾವುದು ಸರಿ?

ಉತ್ತರ: ಸಾಕಾಗಲ್ಲ. ಇವತ್ತಿನ ಲೆಕ್ಕದಲ್ಲಿ ಮನೆ ದೊಡ್ಡ ಮಗನಿಗೇ ಹೋಗುತ್ತದೆ. ಕೋಡಿಸಿಲ್ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಹರಿದು ಹಾಕುವುದಂತೂ ಬೇಡವೇ ಬೇಡ. ನಿಮಗೆ ಬೇಕಾಗಿರುವುದು ಹೊಸ ಉಯಿಲು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ. ನಾನಿಲ್ಲಿ ಹೇಳುವುದು ಹಿಂದೂಗಳ ಉಯಿಲಿನ ಮಾತು. ಕ್ರೈಸ್ತರಿಗೆ ಒಂದೆರಡು ಕಡೆ ವ್ಯತ್ಯಾಸವಿದೆ, ಮುಸ್ಲಿಮರ ಉಯಿಲಿಗೆ ಕಾನೂನೇ ಬೇರೆ.

ಮೊದಲು ಆ ಪೆನ್ನಿನ ಗೆರೆಯ ವಿಷಯ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 71ನೇ ಕಲಂ ಇದಕ್ಕೆಂದೇ ಇದೆ. ಉಯಿಲಿಗೆ ಸಹಿ ಬಿದ್ದ ಮೇಲೆ ಅದರಲ್ಲಿ ಏನೇ ತಿದ್ದಿದರೂ, ಆ ತಿದ್ದುಪಡಿಯ ಹತ್ತಿರ ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿಯೂ ಇರಬೇಕು. ನಿಮ್ಮ ಸಹಿ ಇದೆ, ಸಾಕ್ಷಿಗಳದ್ದು ಇಲ್ಲ. ಹಾಗಾಗಿ ಆ ತಿದ್ದುಪಡಿ ಇಲ್ಲದ ಹಾಗೆಯೇ ಉಯಿಲನ್ನು ಓದುತ್ತಾರೆ. ಗೆರೆಯ ಕೆಳಗೆ ದೊಡ್ಡ ಮಗನ ಹೆಸರು ಇನ್ನೂ ಕಾಣುತ್ತದೆ ಅಲ್ವಾ? ಅಷ್ಟು ಸಾಕು, ಹೆಸರು ಉಳಿದುಕೊಂಡಿತು. ಹೆಸರು ಓದಲಾಗದಷ್ಟು ಮಸಿ ಬಳಿದಿದ್ದರೆ ಬೇರೆ ತೊಡಕು ಹುಟ್ಟುತ್ತಿತ್ತು. ಓದಲು ಬಾರದ ಭಾಗ ಬಿದ್ದುಹೋಯಿತು ಅಂತ ವಾದ ಮಾಡಬಹುದು. ಹಾಗಂತ ಮಗಳ ಹೆಸರು ಆ ಜಾಗಕ್ಕೆ ಬರುವುದಿಲ್ಲ. ಮನೆ ಯಾರಿಗೂ ಬರೆಯದ ಆಸ್ತಿಯ ಹಾಗೆ ನಿಲ್ಲುತ್ತಿತ್ತು.

ಇನ್ನೂ ಒಂದು ಮಾತು. ಉಯಿಲು ರಿಜಿಸ್ಟರ್ ಆಗಿದೆ. ಅದರ ಪೂರ್ತಿ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನ 3ನೇ ಪುಸ್ತಕದಲ್ಲಿ ಕೂತಿದೆ. ನೀವು ಮನೆಯಲ್ಲಿರುವ ಪ್ರತಿಯಲ್ಲಿ ಗೆರೆ ಎಳೆದರೆ ಅಲ್ಲಿ ಗೆರೆ ಬೀಳುವುದಿಲ್ಲ. ನೀವು ಇರುವ ತನಕ ಆ ನಕಲು ನಿಮಗೆ ಅಥವಾ ನೀವು ಅಧಿಕಾರ ಕೊಟ್ಟವರಿಗೆ ಮಾತ್ರ ಸಿಗುತ್ತದೆ. ನಿಮ್ಮ ನಂತರ ಅರ್ಜಿ ಹಾಕಿದವರಿಗೆ ಸಿಗುತ್ತದೆ. ದೊಡ್ಡ ಮಗ ಅದನ್ನು ತಂದು ಕೋರ್ಟಿನ ಮುಂದಿಟ್ಟರೆ ಅದರಲ್ಲಿ ಮನೆ ಅವನ ಹೆಸರಿಗೆ ಅಚ್ಚುಕಟ್ಟಾಗಿ ಇರುತ್ತದೆ.

ಈಗ ನೀವು ಗಮನಿಸದೇ ಇರುವ ದೊಡ್ಡ ತೊಂದರೆಗೆ ಬರೋಣ. ಸೈಟು ಮಾರಿದಾಗಲೇ ನಿಮ್ಮ ಉಯಿಲು ಒಂದು ಕಡೆ ವಾಲಿಕೊಂಡಿತು. ಉಯಿಲಿನಲ್ಲಿ ಹೆಸರಿಸಿ ಕೊಟ್ಟ ಆಸ್ತಿ, ಬರೆದವರು ತೀರಿಕೊಳ್ಳುವ ಹೊತ್ತಿಗೆ ಕೈಯಲ್ಲಿ ಇಲ್ಲದಿದ್ದರೆ ಆ ಕೊಡುಗೆ ಅಲ್ಲಿಗೇ ಮುಗಿಯಿತು. ಅದನ್ನು ಮಾರಿದ ದುಡ್ಡು ಅದರ ಜಾಗಕ್ಕೆ ತಾನಾಗಿ ಬಂದು ಕೂರುವುದಿಲ್ಲ. ಅಂದರೆ ಚಿಕ್ಕ ಮಗನಿಗೆ ಇವತ್ತು ಏನೂ ಇಲ್ಲ. ಆ 38 ಲಕ್ಷ ಎಲ್ಲಿದೆ? ಬ್ಯಾಂಕಿನಲ್ಲಿ. 'ಬ್ಯಾಂಕಿನಲ್ಲಿರುವ ಹಣವೆಲ್ಲ ಮಗಳಿಗೆ' ಅಂತ ನೀವೇ ಬರೆದಿದ್ದೀರಿ. ಉಯಿಲಿನಲ್ಲಿ ಬೇರೆ ರೀತಿ ಹೇಳದಿದ್ದರೆ, ಇಂಥ ಮಾತನ್ನು ಬರೆದ ದಿನದ ಲೆಕ್ಕದಲ್ಲಿ ಓದುವುದಿಲ್ಲ, ತೀರಿಕೊಂಡ ದಿನ ಖಾತೆಯಲ್ಲಿ ಎಷ್ಟಿದೆಯೋ ಅದಕ್ಕೆ ಹಚ್ಚಿ ಓದುತ್ತಾರೆ. ಹಾಗಾಗಿ ಸೈಟಿನ ದುಡ್ಡೂ ಮಗಳಿಗೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಡಿಸಿಲ್ ಸಲಹೆ ನೋಡಿ. ಕೋಡಿಸಿಲ್ ಅಂದರೆ ಇರುವ ಉಯಿಲಿಗೆ ಸೇರಿಸುವ ಪುಟ್ಟ ಪತ್ರ. ಅದು ಉಯಿಲಿನ ಒಂದು ಮಾತನ್ನು ಬದಲಿಸುತ್ತದೆ, ಸೇರಿಸುತ್ತದೆ ಅಥವಾ ಬಿಡಿಸಿ ಹೇಳುತ್ತದೆ. ಉಯಿಲಿಗೆ ಇರುವ ನಿಯಮವೇ ಅದಕ್ಕೂ: ನಿಮ್ಮ ಸಹಿ, ಇಬ್ಬರು ಸಾಕ್ಷಿಗಳು. ಹಳೆಯ ಸಾಕ್ಷಿಗಳೇ ಆಗಬೇಕು ಅಂತೇನಿಲ್ಲ. ನಿಮಗೆ ಸಲಹೆ ಕೊಟ್ಟವರು ಹೇಳಿದ ಹಾಗೆ 'ಮನೆ ದೊಡ್ಡ ಮಗನ ಬದಲು ಮಗಳಿಗೆ, ಉಳಿದದ್ದು ಹಿಂದಿನಂತೆ' ಅಂತ ಒಂದು ಕೋಡಿಸಿಲ್ ಬರೆಸಿದಿರಿ ಅಂದುಕೊಳ್ಳಿ. ಏನಾಯಿತು? ಮನೆ ಮಗಳಿಗೆ. ಬ್ಯಾಂಕಿನ ಹಣವೂ ಹಿಂದಿನಂತೆ ಮಗಳಿಗೆ. ಗಂಡುಮಕ್ಕಳಿಬ್ಬರಿಗೂ ಒಂದು ರೂಪಾಯಿ ಇಲ್ಲ. ನೀವು ಬಯಸಿದ್ದು ಅದಲ್ಲ. ಆದರೆ ಕಾಗದ ಹೇಳುವುದು ಅದನ್ನೇ. ಅಣ್ಣತಮ್ಮಂದಿರು ಕೇಸು ಹಾಕದೆ ಇರ್ತಾರಾ?

ಬ್ಯಾಂಕಿನ ಮಾತನ್ನೂ ಕೋಡಿಸಿಲ್‌ನಲ್ಲೇ ಬದಲಿಸಬಹುದು, ತಪ್ಪಿಲ್ಲ. ಆದರೆ ಆಗ ಮೂರು ಕೊಡುಗೆಗಳಲ್ಲಿ ಮೂರೂ ಬದಲಾದವು. ಹಳೆಯ ಉಯಿಲಿನಲ್ಲಿ ಉಳಿಯುವುದು ನಿಮ್ಮ ಹೆಸರು, ವಿಳಾಸ ಅಷ್ಟೆ. ಅದಕ್ಕಾಗಿ ಎರಡು ಪತ್ರ, ನಾಲ್ಕು ಸಾಕ್ಷಿಗಳನ್ನು ಯಾಕೆ ಕಟ್ಟಿಕೊಳ್ಳಬೇಕು? ಉಯಿಲನ್ನು ಜಾರಿ ಮಾಡುವವರ ಹೆಸರು ಬದಲಿಸಲು, ಖಾತಾ ನಂಬರ್ ಬದಲಾಗಿದ್ದರೆ ಸರಿಪಡಿಸಲು, ಬಿಟ್ಟುಹೋದ ಒಂದು ಒಡವೆಯನ್ನು ಸೇರಿಸಲು ಕೋಡಿಸಿಲ್ ಚೆನ್ನಾಗಿ ಒದಗುತ್ತದೆ. ಯಾರಿಗೆ ಏನು ಅನ್ನುವುದೇ ಬದಲಾದಾಗ ನಾನು ಯಾವತ್ತೂ ಕೋಡಿಸಿಲ್ ಬರೆಸುವುದಿಲ್ಲ. ನನ್ನ ಹತ್ತಿರ ಬಂದಿದ್ದ ಒಂದು ಕೇಸಿನಲ್ಲಿ ಒಬ್ಬ ಹಿರಿಯರು ಆರು ವರ್ಷದಲ್ಲಿ ಎರಡು ಕೋಡಿಸಿಲ್ ಬರೆದಿದ್ದರು. ಎರಡರಲ್ಲೂ '4ನೇ ಪ್ಯಾರಾ ಬದಲಿಸಿದ್ದೇನೆ' ಅಂತಿತ್ತು. ಎರಡನೆಯದರಲ್ಲಿ ಮೊದಲನೆಯದರ ಸುದ್ದಿಯೇ ಇಲ್ಲ. ಮೊದಲ ಬದಲಾವಣೆಯ ಮೇಲೆ ಎರಡನೆಯದೋ, ಅದರ ಬದಲಿಗೆ ಎರಡನೆಯದೋ? ಒಂದು ಎಕರೆ ತೋಟದ ಮೇಲೆ ಆ ಮನೆಯವರು ಒಂಬತ್ತು ವರ್ಷ ಕೋರ್ಟಿಗೆ ಅಲೆದರು.

ಇನ್ನು ಹರಿದು ಹಾಕುವ ಮಾತು. ಹರಿದರೆ, ಸುಟ್ಟರೆ ಉಯಿಲು ರದ್ದಾಗುತ್ತದೆ ಅಂತ ಕಾನೂನಿನಲ್ಲೇ ಇದೆ. 70ನೇ ಕಲಂ. ಆದರೆ ಅದಕ್ಕೆ ಎರಡು ಷರತ್ತು. ಬರೆದವರೇ ಹರಿಯಬೇಕು, ಇಲ್ಲವೇ ಅವರ ಕಣ್ಣೆದುರಿಗೆ ಅವರು ಹೇಳಿದಂತೆ ಇನ್ನೊಬ್ಬರು ಹರಿಯಬೇಕು. ಜೊತೆಗೆ ರದ್ದು ಮಾಡಬೇಕು ಅನ್ನುವ ಉದ್ದೇಶ ಇರಬೇಕು. ಊರಿನಿಂದ ಫೋನ್ ಮಾಡಿ 'ಬೀರುವಿನಲ್ಲಿರೋ ಆ ಉಯಿಲನ್ನ ಸುಟ್ಟುಬಿಡಪ್ಪ' ಅಂದರೆ, ಅತ್ತ ಕಡೆಯವನು ನಿಜವಾಗಿಯೂ ಸುಟ್ಟರೂ ಉಯಿಲು ರದ್ದಾಗಲ್ಲ. ಗೆದ್ದಲು ತಿಂದರೂ ರದ್ದಾಗಲ್ಲ, ಹಳೇ ಪೇಪರ್ ಜೊತೆ ಮಾರಿಹೋದರೂ ರದ್ದಾಗಲ್ಲ. ಉಯಿಲಿನ ಮೇಲೆ ಅಡ್ಡಲಾಗಿ 'ರದ್ದು' ಅಂತ ಬರೆದು ಒಬ್ಬರೇ ಸಹಿ ಹಾಕುವುದೂ ಸಾಲದು. ಅದು ಹರಿದ ಹಾಗೂ ಆಗಲಿಲ್ಲ, ಸಾಕ್ಷಿಗಳಿಲ್ಲದ್ದರಿಂದ ರದ್ದು ಪತ್ರವೂ ಆಗಲಿಲ್ಲ.

ನೀವೇ ಕೈಯಾರೆ ಹರಿದರೂ ಅದನ್ನು ನಿಮ್ಮ ನಂತರ ಯಾರು ಹೇಳಬೇಕು? ನೋಡಿದವರು ಮಗಳೊಬ್ಬಳೇ ಆದರೆ 'ಅವಳೇ ಹರಿದಿದ್ದು' ಅಂತ ದೊಡ್ಡ ಮಗ ಹೇಳುತ್ತಾನೆ. ಬರೆದವರ ಹತ್ತಿರವೇ ಇದ್ದ ಉಯಿಲು ಅವರು ಹೋದ ಮೇಲೆ ಸಿಗದಿದ್ದರೆ, ಅವರೇ ನಾಶ ಮಾಡಿರಬೇಕು ಅಂತ ಊಹಿಸಲು ದಾರಿ ಇದೆ. ಆದರೆ ನಮ್ಮ ಕೋರ್ಟುಗಳು ಆ ಊಹೆಗೆ ಹೆಚ್ಚು ತೂಕ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಕಾಗದಪತ್ರ ಎಲ್ಲೆಲ್ಲೋ ಇರುತ್ತವೆ, ಯಾರ್ಯಾರ ಕೈಗೋ ಸಿಗುತ್ತವೆ ಅನ್ನುವುದು ಅವಕ್ಕೂ ಗೊತ್ತು. ನಿಮ್ಮದಂತೂ ರಿಜಿಸ್ಟರ್ ಆದ ಉಯಿಲು. ಮೂಲ ಕಳೆದಿದೆ ಅಂತ ಹೇಳಿ ದೃಢೀಕೃತ ನಕಲನ್ನು ಮುಂದಿಡುತ್ತಾರೆ.

ರಿಜಿಸ್ಟರ್ ಆದದ್ದನ್ನು ರಿಜಿಸ್ಟರ್ ಆಗದ ಉಯಿಲಿನಿಂದ ಬದಲಿಸಬಹುದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಬದಲಿಸಬಹುದು. ಉಯಿಲಿಗೆ ರಿಜಿಸ್ಟ್ರಿ ಕಡ್ಡಾಯ ಅಲ್ಲ, ಛಾಪಾ ಕಾಗದವೂ ಬೇಡ. ಸರಿಯಾಗಿ ಬರೆದ ಕೊನೆಯ ಉಯಿಲೇ ಗೆಲ್ಲುತ್ತದೆ. ಆದರೂ ನಿಮಗೆ ನಾನು ಹೇಳುವುದು ಹೊಸದನ್ನೂ ರಿಜಿಸ್ಟರ್ ಮಾಡಿಸಿ ಅಂತಲೇ. ಸರ್ಕಾರಿ ಮುದ್ರೆಯ ಕಾಗದ ಒಬ್ಬನ ಕೈಯಲ್ಲಿ, ಬಿಳಿ ಹಾಳೆ ಇನ್ನೊಬ್ಬಳ ಕೈಯಲ್ಲಿ ಇದ್ದರೆ ಜಗಳಕ್ಕೆ ಕರೆದು ಮಣೆ ಹಾಕಿದ ಹಾಗೆ.

ಹೊಸ ಉಯಿಲಿನ ಮೊದಲ ಪ್ಯಾರಾದಲ್ಲೇ ಹಳೆಯದನ್ನು ಹೆಸರು ಹಿಡಿದು ರದ್ದು ಮಾಡಿ. ಹೆಚ್ಚುಕಡಿಮೆ ಹೀಗೆ:

'ದಿನಾಂಕ ……ರಂದು ನಾನು ಬರೆದು, …… ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ 3ನೇ ಪುಸ್ತಕದ ……ನೇ ನಂಬರಿನ ದಸ್ತಾವೇಜಾಗಿ ನೋಂದಣಿಯಾಗಿರುವ ಉಯಿಲನ್ನೂ, ಈ ದಿನಕ್ಕೆ ಮುಂಚೆ ನಾನು ಬರೆದಿರಬಹುದಾದ ಬೇರೆ ಎಲ್ಲ ಉಯಿಲು ಮತ್ತು ಕೋಡಿಸಿಲ್‌ಗಳನ್ನೂ ಪೂರ್ತಿಯಾಗಿ ರದ್ದುಪಡಿಸಿದ್ದೇನೆ. ಇದೇ ನನ್ನ ಕೊನೆಯ ಉಯಿಲು.'

ಈ ಎರಡು ಸಾಲು ಬಿಟ್ಟುಹೋದರೆ, ಹಳೆಯದರಲ್ಲಿ ಹೊಸದಕ್ಕೆ ವಿರುದ್ಧವಾದಷ್ಟು ಮಾತ್ರ ಬೀಳುತ್ತದೆ, ಉಳಿದದ್ದು ನಿಲ್ಲುತ್ತದೆ. ಹೊಸ ಉಯಿಲಿನಲ್ಲಿ ಮನೆಯ ಮಾತು ಮಾತ್ರ ಬರೆದು ಎಫ್‌ಡಿ ಮರೆತಿರಿ ಅಂದರೆ ಹಳೆಯ 'ಬ್ಯಾಂಕಿನ ಹಣವೆಲ್ಲ' ಜೀವಂತವಾಗಿಯೇ ಇರುತ್ತದೆ.

ಎಫ್‌ಡಿ ವಿಷಯದಲ್ಲಿ ರಸೀದಿ ನಂಬರ್ ಒಂದನ್ನೇ ಬರೆಯಬೇಡಿ. ನವೀಕರಿಸಿದಾಗ ನಂಬರ್ ಬದಲಾಗಬಹುದು, ನೀವು ಬ್ಯಾಂಕನ್ನೇ ಬದಲಿಸಬಹುದು. 'ನನ್ನ ಹೆಸರಿನಲ್ಲಿ ಯಾವುದೇ ಬ್ಯಾಂಕಿನಲ್ಲಿ, ಯಾವುದೇ ನಂಬರಿನಲ್ಲಿ ನಾನು ತೀರಿಕೊಂಡ ದಿನ ಇರುವ ಎಲ್ಲ ನಿಶ್ಚಿತ ಠೇವಣಿ ಇಬ್ಬರು ಗಂಡುಮಕ್ಕಳಿಗೆ ಸಮಪಾಲು' ಅಂತ ಬರೆಯಿರಿ. ಉಳಿತಾಯ ಖಾತೆ ಯಾರಿಗೆ ಅನ್ನುವುದನ್ನು ಬೇರೆಯಾಗಿ ಹೇಳಿ. ಮನೆಗೆ ಖಾತಾ ನಂಬರ್, ಅಳತೆ, ಚೆಕ್ಕುಬಂದಿ ಎಲ್ಲ ಇರಲಿ. ಕೊನೆಗೆ 'ಇಲ್ಲಿ ಹೇಳದೆ ಉಳಿದಿದ್ದೆಲ್ಲ ಇಂಥವರಿಗೆ' ಅನ್ನುವ ಒಂದು ಸಾಲು ಬೇಕೇ ಬೇಕು. 2014ರ ಉಯಿಲಿನಲ್ಲಿ ಈ ಸಾಲು ಇದೆಯಾ ಅಂತ ತೆಗೆದು ನೋಡಿ. ಎಫ್‌ಡಿಗೆ ನಾಮಿನಿ ಯಾರು ಅನ್ನುವುದನ್ನೂ ನೋಡಿಕೊಳ್ಳಿ. ಬ್ಯಾಂಕು ದುಡ್ಡು ಕೊಡುವುದು ನಾಮಿನಿ ಕೈಗೆ. ನಾಮಿನಿಯೇ ಯಜಮಾನ ಆಗುವುದಿಲ್ಲ ನಿಜ, ಆದರೆ ಒಬ್ಬರ ಕೈಗೆ ಹೋದ ದುಡ್ಡನ್ನು ಇನ್ನೊಬ್ಬರು ಬಿಡಿಸಿಕೊಳ್ಳುವುದು ಕಷ್ಟ.

ಈಗ ಸಾಕ್ಷಿಗಳು. ನಾನು ನೋಡಿದ ಹಾಗೆ ಉಯಿಲುಗಳು ಜಾಸ್ತಿ ಬೀಳುವುದು ಇಲ್ಲೇ. 63ನೇ ಕಲಂ ಕೇಳುವುದು ಇಷ್ಟು: ನೀವು ಸಹಿ ಹಾಕಿದ್ದನ್ನು ಸಾಕ್ಷಿ ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ನೀವೇ ಅವರಿಗೆ ಹೇಳಿರಬೇಕು. ಆಮೇಲೆ ಅವರು ನಿಮ್ಮ ಎದುರಿಗೆ ಸಹಿ ಹಾಕಬೇಕು. ಇಬ್ಬರೂ ಒಂದೇ ಸಲ ಇರಬೇಕು ಅಂತ ಕಾನೂನು ಹೇಳುವುದಿಲ್ಲ, ಆದರೆ ಇದ್ದರೆ ಒಳ್ಳೆಯದು. ಒಂದು ಕೇಸಿನಲ್ಲಿ ಸಾಕ್ಷಿ ತುಂಬ ಸಾಧು ಮನುಷ್ಯರು, ನಿವೃತ್ತ ಮೇಷ್ಟ್ರು. ಎದುರು ಪಕ್ಷದ ವಕೀಲರು ಒಂದೇ ಪ್ರಶ್ನೆ ಕೇಳಿದರು: 'ನೀವು ಸಹಿ ಹಾಕುವಾಗ ಯಜಮಾನರು ಎಲ್ಲಿದ್ದರು?' ಮೇಷ್ಟ್ರು ನಿಜ ಹೇಳಿದರು: 'ಅವರು ಅವರ ಮನೆಯಲ್ಲಿದ್ದರು. ಮಗ ಕಾಗದ ತಂದಿದ್ದ, ನನಗೆ ಅವರ ಸಹಿ ಗುರುತಿತ್ತು, ನಮ್ಮ ಜಗಲಿ ಮೇಲೆ ಕೂತು ಸಹಿ ಹಾಕಿದೆ.' ಕೇಸು ಅಲ್ಲಿಗೇ ಮುಗಿಯಿತು. ಉಯಿಲು ಸುಳ್ಳಾಗಿರಲಿಲ್ಲ. ಯಜಮಾನರು ಮನಸಾರೆ ಬರೆಸಿದ್ದೇ ಅದು. ನನಗೆ ಆವತ್ತಿನ ಸಂಕಟ ಇನ್ನೂ ಹೋಗಿಲ್ಲ.

ಕೊನೆಯಲ್ಲಿ 'ಬಿಕ್ಕಲಂ' ಅಂತ ಸಹಿ ಹಾಕುವ ಪತ್ರ ಬರಹಗಾರರನ್ನು ಎರಡನೇ ಸಾಕ್ಷಿ ಅಂದುಕೊಳ್ಳಬೇಡಿ. ಅವರು ಸಹಿ ಹಾಕುವುದು ಬರೆದವರಾಗಿ. ಬೇರೆ ಇಬ್ಬರು ಇರಲಿ. ನಿಮಗಿಂತ ಚಿಕ್ಕ ವಯಸ್ಸಿನವರು, ಊರಲ್ಲೇ ಸಿಗುವವರು, ಉಯಿಲಿನಿಂದ ಏನೂ ಪಡೆಯದವರು. ಮುಂದೆ ತಕರಾರು ಬಂದರೆ ಇವರಲ್ಲಿ ಕಡೇಪಕ್ಷ ಒಬ್ಬರು, ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ, ಕೋರ್ಟಿಗೆ ಬಂದು ಹೇಳಲೇಬೇಕಾಗುತ್ತದೆ. ರಿಜಿಸ್ಟರ್ ಆಗಿದ್ದರೂ ಇದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಅವಳು ನಿಮ್ಮ ಸೇವೆ ಮಾಡುತ್ತಿದ್ದಾಳೆ, ಆದ್ದರಿಂದಲೇ ಅವಳು ಈ ಕೆಲಸದಿಂದ ದೂರ ಇರಬೇಕು. ಮೈಸೂರು ಸೀಮೆಯ ಒಂದು ಉಯಿಲು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1959ರ ವರದಿಗಳಲ್ಲಿ ಬಂದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಕೇಸು. ಇವತ್ತಿಗೂ ಉಯಿಲಿನ ತಕರಾರುಗಳಲ್ಲಿ ಎರಡೂ ಕಡೆಯ ವಕೀಲರು ಮೊದಲು ತೆಗೆಯುವುದು ಇದನ್ನೇ. ಉಯಿಲಿನಿಂದ ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದು ಅನುಮಾನದ ಸಂಗತಿ, ಆ ಅನುಮಾನ ಕಳೆಯುವ ಹೊಣೆ ಉಯಿಲನ್ನು ಮುಂದಿಡುವವರದ್ದು ಅಂತ ಕೋರ್ಟು ಹೇಳಿತು. ಹಾಗಾಗಿ ವಕೀಲರನ್ನು ನೀವೇ ಹುಡುಕಿ. ಫೀಸನ್ನು ನಿಮ್ಮ ಖಾತೆಯಿಂದಲೇ ಕೊಡಿ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸ್ನೇಹಿತರ ಜೊತೆ ಹೋಗಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಗೊತ್ತು ಮಾಡುವುದನ್ನೂ ವಕೀಲರ ಕಡೆಯವರೇ ಮಾಡಲಿ. ದೊಡ್ಡ ಮಗನಿಗೆ ಕೊಟ್ಟಿದ್ದ ಮನೆಯನ್ನು ಯಾಕೆ ಬದಲಿಸಿದ್ದೀರಿ ಅನ್ನುವುದನ್ನು ಉಯಿಲಿನಲ್ಲೇ ಎರಡು ಸಾಲು, ಬೈಗುಳ ಇಲ್ಲದೆ ಬರೆಯಿರಿ. ಕಾರಣ ಓದಿದಾಗ ಸಹಜ ಅನ್ನಿಸಬೇಕು. ಆ ದಿನ ಅಥವಾ ಹಿಂದಿನ ದಿನ ನಿಮ್ಮನ್ನು ಮೊದಲಿಂದ ನೋಡುತ್ತಿರುವ ಡಾಕ್ಟರಿಂದ 'ಬುದ್ಧಿ ಸ್ಥಿಮಿತದಲ್ಲಿದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ' ಅಂತ ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕಾನೂನು ಅದನ್ನು ಕೇಳುವುದಿಲ್ಲ, 74ನೇ ವಯಸ್ಸಿಗೆ ನಾನು ಕೇಳುತ್ತೇನೆ.

ನಿಮ್ಮಂಥವರಿಗೆ ನಾನು ಇನ್ನೊಂದು ದಾರಿಯನ್ನೂ ತೋರಿಸುತ್ತೇನೆ. ಅದು ಹೊಸ ಉಯಿಲಿಗೆ ಮುಂಚೆಯೇ ಮಾಡುವ ಬೇರೆ ರದ್ದು ಪತ್ರ. ಯಾಕೆ ಅಂತ ಕೇಳಿ. ರದ್ದು ಮಾಡುವ ಸಾಲು ಹೊಸ ಉಯಿಲಿನ ಒಳಗೆ ಮಾತ್ರ ಇದ್ದರೆ, ಹೊಸ ಉಯಿಲು ಕೋರ್ಟಿನಲ್ಲಿ ಬಿದ್ದಾಗ ಆ ಸಾಲೂ ಅದರ ಜೊತೆ ಬೀಳುತ್ತದೆ. ಆಗ 2014ರ ಉಯಿಲು ರದ್ದೇ ಆಗಿಲ್ಲ, ಮನೆ ಪೂರ್ತಿ ದೊಡ್ಡ ಮಗನಿಗೆ. ಅಂದರೆ ಹೊಸದನ್ನು ಬೀಳಿಸುವುದರಲ್ಲಿ ಅವನಿಗೆ ಇಡೀ ಮನೆಯ ಲಾಭ ಇದೆ. ಅದೇ, ಇಬ್ಬರು ಸಾಕ್ಷಿಗಳ ಮುಂದೆ ಯಾವ ಷರತ್ತೂ ಇಲ್ಲದೆ '2014ರ ಉಯಿಲನ್ನು ರದ್ದುಪಡಿಸಿದ್ದೇನೆ' ಅಂತ ಬೇರೆ ಪತ್ರ ಬರೆದು ರಿಜಿಸ್ಟರ್ ಮಾಡಿಸಿ, ಸ್ವಲ್ಪ ದಿನ ಬಿಟ್ಟು ಹೊಸ ಉಯಿಲು ಬರೆದರೆ ಲೆಕ್ಕ ಬದಲಾಗುತ್ತದೆ. ಹೊಸದು ಬಿದ್ದರೂ ಹಳೆಯದು ತಾನಾಗಿ ಎದ್ದು ಬರುವುದಿಲ್ಲ. ಒಮ್ಮೆ ರದ್ದಾದ ಉಯಿಲನ್ನು ಮತ್ತೆ ಸಾಕ್ಷಿಗಳ ಮುಂದೆ ಸಹಿ ಮಾಡಿದರೆ ಅಥವಾ ಕೋಡಿಸಿಲ್ ಬರೆದು ಎಬ್ಬಿಸಿದರೆ ಮಾತ್ರ ಅದಕ್ಕೆ ಜೀವ. ಎರಡು ಉಯಿಲೂ ಇಲ್ಲದಾಗ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರು ಮಕ್ಕಳಿಗೂ ಎಲ್ಲದರಲ್ಲೂ ಮೂರನೇ ಒಂದು ಪಾಲು. ದೊಡ್ಡ ಮಗ ಗೆದ್ದರೂ ಮನೆಯಲ್ಲಿ ಮೂರನೇ ಒಂದು ಪಾಲಷ್ಟೆ ಸಿಗುವುದು. ಎಫ್‌ಡಿಯಲ್ಲಂತೂ ಹೊಸ ಉಯಿಲು ಕೊಡುವ ಅರ್ಧ ಪಾಲು ಹೋಗಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಈ ದಾರಿಗೂ ಮಿತಿ ಇದೆ. ರದ್ದು ಪತ್ರದ ಮೇಲೂ ಅವನು ಅನುಮಾನ ಎತ್ತಬಹುದು. ರದ್ದು ಪತ್ರ ಮಾಡಿ, ಹೊಸ ಉಯಿಲು ಬರೆಯುವ ಮುಂಚೆ ನಿಮಗೇನಾದರೂ ಆದರೆ ಮೂವರಿಗೂ ಸಮಪಾಲೇ ಗತಿ. 'ಏನೂ ನಿಲ್ಲದಿದ್ದರೆ ಹಳೆಯ ಉಯಿಲು ನಿಲ್ಲಲಿ' ಅಂತ ನಿಮ್ಮ ಮನಸ್ಸಿನಲ್ಲಿದ್ದರೆ ಇದು ಬೇಡ. 'ಏನೂ ನಿಲ್ಲದಿದ್ದರೆ ಮೂವರೂ ಸಮನಾಗಿ ಹಂಚಿಕೊಳ್ಳಲಿ' ಅಂತಿದ್ದರೆ ಮಾಡಿಸಿ. ಇದನ್ನು ನೀವೊಬ್ಬರೇ ಕೂತು ತೀರ್ಮಾನಿಸಬೇಕು.

ನಡೆಯಲು ಕಷ್ಟ ಅಂತಿದ್ದರೆ ಕಾರಣ ಬರೆದು ಅರ್ಜಿ ಕೊಡಿ, ಅಧಿಕಾರಿಗಳು ಮನೆಗೇ ಬಂದು ರಿಜಿಸ್ಟರ್ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ.

ಈ ವಾರ ಮಾಡಬೇಕಾದ್ದು ಒಂದೇ. 2014ರ ಉಯಿಲಿನ ದೃಢೀಕೃತ ನಕಲಿಗೆ ನೀವೇ ಅರ್ಜಿ ಹಾಕಿ, ಅದರಲ್ಲಿರುವ ದಿನಾಂಕ ಮತ್ತು ದಸ್ತಾವೇಜು ನಂಬರ್ ಇಟ್ಟುಕೊಂಡು ವಕೀಲರ ಹತ್ತಿರ ಹೋಗಿ. ಗೆರೆ ಎಳೆದ ಮೂಲ ಪ್ರತಿಯನ್ನು ಮತ್ತೆ ಮುಟ್ಟಬೇಡಿ. ಇನ್ನೊಂದು ಗೆರೆ ಬೇಡ, ಹರಿಯುವುದೂ ಬೇಡ, ಈಗ ಹೋಗಿ ಸಾಕ್ಷಿಗಳಿಂದ ಹಿಂದಿನ ತಾರೀಕಿಗೆ ಸಹಿ ಹಾಕಿಸುವುದಂತೂ ಖಂಡಿತ ಬೇಡ. ಅದನ್ನು ಹಾಗೆಯೇ ಒಂದು ಲಕೋಟೆಯಲ್ಲಿ ಹಾಕಿಡಿ. ಹೊಸ ಉಯಿಲು ಬರೆಯುವಾಗ, ಆ ಗೆರೆ ಎಳೆದದ್ದು ನೀವೇ ಅನ್ನುವುದನ್ನೂ ಅದರಲ್ಲಿ ಒಂದು ಸಾಲು ಸೇರಿಸಿ.